ಕೋಶಿಗೆ ಹತ್ತಕ್ಕೆ ನಾಲ್ಕು

1821ರಲ್ಲಿ ಫ್ರಾನ್ಸಿನ ಗಣಿತಜ್ಞ ಆಗಸ್ಟಿನ್ ಲೂಯಿ ಕೋಶಿ ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗಾಗಿ ಒಂದು ಪಠ್ಯಪುಸ್ತಕ ಪ್ರಕಟಿಸಿದರು. ಕಲನಶಾಸ್ತ್ರವನ್ನು ಚಿತ್ರ, ಅಂದಾಜುಗಳಿಂದ ಬಿಡಿಸಿ ತರ್ಕದ ಮೇಲೆ ನಿಲ್ಲಿಸಿದ ಪುಸ್ತಕವೆಂದು ಅದಕ್ಕೆ ಇವತ್ತಿಗೂ ಗೌರವವಿದೆ. ಅದರಲ್ಲೊಂದು ಪ್ರಮೇಯ ಬರುತ್ತದೆ: ಎಲ್ಲೂ ಕಡಿಯದೆ ಸಾಗುವ, ಅಂದರೆ ಅವಿಚ್ಛಿನ್ನವಾದ ಫಂಕ್ಷನ್‌ಗಳನ್ನು ಒಂದರ ಮೇಲೊಂದು ಕೂಡಿಸುತ್ತ ಹೋದಾಗ ಮೊತ್ತ ಒಂದು ಬೆಲೆಗೆ ಬಂದು ನಿಲ್ಲುವುದಾದರೆ, ಆ ಮೊತ್ತವೂ ಅವಿಚ್ಛಿನ್ನ. ಕೋಶಿ ಇದಕ್ಕೆ ಸಾಧನೆಯನ್ನೂ ಕೊಟ್ಟರು.

ಐದು ವರ್ಷಗಳ ನಂತರ ನಾರ್ವೆಯ ತರುಣ ನೀಲ್ಸ್ ಹೆನ್ರಿಕ್ ಏಬೆಲ್ ತನ್ನ ಲೇಖನವೊಂದರ ಅಡಿಟಿಪ್ಪಣಿಯಲ್ಲಿ, ಈ ಪ್ರಮೇಯಕ್ಕೆ ಅಪವಾದಗಳಿವೆ ಎಂದು ಮೆಲ್ಲಗೆ ಹೇಳಿ ಒಂದು ಉದಾಹರಣೆ ಕೊಟ್ಟ: sin x − (sin 2x)/2 + (sin 3x)/3 − … ಈ ಸರಣಿಯ ಒಂದೊಂದು ಪದವೂ ನುಣುಪಾದ ಅಲೆ. ಆದರೆ x ಬೆಲೆ π ಕಡೆಗೆ ಏರುತ್ತಿದ್ದಂತೆ ಮೊತ್ತ π/2ರ ಹತ್ತಿರ, ಅಂದರೆ ಸುಮಾರು 1.57ಕ್ಕೆ ಹೋಗುತ್ತದೆ. ಸರಿಯಾಗಿ π ಆದಾಗ ಮಾತ್ರ ಧೊಪ್ಪನೆ ಸೊನ್ನೆ.

ಕೋಶಿ ಜಾರಿದ ಜಾಗದಲ್ಲೇ ಇಂದು ಬಿ.ಎಸ್ಸಿ. ವಿದ್ಯಾರ್ಥಿಗಳು ಪ್ರತಿ ವರ್ಷ ಜಾರುತ್ತಾರೆ. ರಿಯಲ್ ಅನಾಲಿಸಿಸ್ ಪತ್ರಿಕೆಯ ಪ್ರಶ್ನೆ ಅದನ್ನೇ ತಿದ್ದಿದ ರೂಪದಲ್ಲಿ ಬರುತ್ತದೆ: ‘[0,1]ರ ಮೇಲೆ fₙ ಎಂಬ ಅವಿಚ್ಛಿನ್ನ ಫಂಕ್ಷನ್‌ಗಳ ಸಾಲು f ಕಡೆಗೆ ಏಕರೂಪವಾಗಿ ಸಾಗಿದರೆ f ಕೂಡ ಅವಿಚ್ಛಿನ್ನವೆಂದು ಸಾಧಿಸಿ. 10 ಅಂಕ.’ ಪೂರ್ತಿ ಸರಿಯಿದ್ದರೆ ಹತ್ತು, ಏನೂ ಬರೆಯದಿದ್ದರೆ ಸೊನ್ನೆ. ಮೌಲ್ಯಮಾಪಕರ ಕೆಂಪು ಪೆನ್ನು ತಡವರಿಸುವುದು ಇವೆರಡರ ನಡುವೆ.

ಆ ‘ಏಕರೂಪ’ ಎಂಬ ಪದದಲ್ಲೇ ಪ್ರಶ್ನೆಯ ಜೀವವಿದೆ. ಪಂಕ್ತಿಯ ಊಟವನ್ನು ನೆನೆಯಿರಿ. ಕೂತವರೆಲ್ಲ ಒಂದಲ್ಲ ಒಂದು ಹೊತ್ತಿಗೆ ಊಟ ಮುಗಿಸಿ ಏಳುತ್ತಾರೆ ಎನ್ನುವುದು ಒಂದು ಮಾತು. ಇಂಥ ಗಂಟೆಯೊಳಗೆ ಇಡೀ ಪಂಕ್ತಿ ಎದ್ದಿರುತ್ತದೆ ಎನ್ನುವುದು ಇನ್ನೊಂದು. ಪಂಕ್ತಿಯಲ್ಲಿ ನೂರು ಜನರಿದ್ದರೆ ಎರಡಕ್ಕೂ ವ್ಯತ್ಯಾಸವಿಲ್ಲ, ಎಲ್ಲರಿಗಿಂತ ನಿಧಾನದವರು ಏಳುವ ತನಕ ಕಾದರೆ ಮುಗಿಯಿತು. ಆದರೆ 0 ಮತ್ತು 1ರ ನಡುವೆ ಬಿಂದುಗಳು ಅನಂತ. ಅಂಥ ಪಂಕ್ತಿಯಲ್ಲಿ ಎಲ್ಲರಿಗಿಂತ ನಿಧಾನದವರು ಎಂಬುವರೇ ಇಲ್ಲದಿರಬಹುದು. ಪ್ರತಿಯೊಬ್ಬರೂ ಏಳುತ್ತಾರೆ, ಪಂಕ್ತಿ ಮಾತ್ರ ಎಂದೂ ಪೂರ್ತಿ ಏಳುವುದಿಲ್ಲ.

xⁿ ಎಂಬ ಸಾಲಿನಲ್ಲಿ ಇದನ್ನು ಲೆಕ್ಕ ಹಾಕಿಯೇ ನೋಡಬಹುದು. x ಒಂದಕ್ಕಿಂತ ಚಿಕ್ಕದಾದರೆ n ಬೆಳೆದಂತೆ xⁿ ಸೊನ್ನೆಯ ಕಡೆಗೆ ಇಳಿಯುತ್ತದೆ. x = 1 ಆದರೆ ಒಂದಾಗಿಯೇ ಉಳಿಯುತ್ತದೆ. ಬೆಲೆ 0.1ಕ್ಕಿಂತ ಕೆಳಗಿಳಿಯಲು 0.9ಕ್ಕೆ 22 ಹೆಜ್ಜೆ ಸಾಕು. 0.99ಕ್ಕೆ 230 ಬೇಕು, 0.999ಕ್ಕೆ 2302. ಒಂದರ ಹತ್ತಿರ ಹೋದಷ್ಟೂ ಕಾಯುವ ಸಮಯ ಬೆಳೆಯುತ್ತಲೇ ಇರುತ್ತದೆ, ಎಲ್ಲ ಬಿಂದುಗಳಿಗೂ ಒಪ್ಪುವ ಒಂದು n ಸಿಗುವುದಿಲ್ಲ. ಕೊನೆಗೆ ಉಳಿಯುವ ಫಂಕ್ಷನ್ ಉದ್ದಕ್ಕೂ ಸೊನ್ನೆ, ತುದಿಯಲ್ಲಿ ಮಾತ್ರ ಒಂದು. ಅಲ್ಲಿ ಅದು ಕಡಿದಿದೆ.

ಈಗ ಸರಿಯುತ್ತರ. a ಎಂಬ ಬಿಂದು ಮತ್ತು ε ಎಂಬ ಧನ ಸಂಖ್ಯೆ ಕೊಟ್ಟಿದ್ದಾರೆ ಎನ್ನೋಣ. x ಬಿಂದು aಗೆ ಸಾಕಷ್ಟು ಹತ್ತಿರವಿದ್ದರೆ f(x), f(a)ಗಳ ಅಂತರ εಗಿಂತ ಕಡಿಮೆಯೆಂದು ತೋರಿಸಬೇಕು. ನೇರ ದಾರಿ ಇಲ್ಲ, fನ ಬಗ್ಗೆ ನಮಗೆ ಏನೂ ಗೊತ್ತಿಲ್ಲ. ಆದ್ದರಿಂದ ಗೊತ್ತಿರುವ ಒಂದು fₙ ಮೂಲಕ ಸುತ್ತಿ ಬರಬೇಕು:

|f(x) − f(a)| ≤ |f(x) − f_N(x)| + |f_N(x) − f_N(a)| + |f_N(a) − f(a)|

ಮೊದಲು N ಆರಿಸಬೇಕು. ಏಕರೂಪತೆ ಇರುವುದರಿಂದ ಎಲ್ಲ ಬಿಂದುಗಳಲ್ಲೂ f_N ಮತ್ತು f ನಡುವಿನ ಅಂತರ ε/3ಕ್ಕಿಂತ ಕಡಿಮೆ ಇರುವಂಥ N ಸಿಗುತ್ತದೆ. ಬಲಗಡೆಯ ಮೊದಲ ಮತ್ತು ಮೂರನೆಯ ತುಂಡುಗಳು ಅಲ್ಲಿಗೆ ಹಿಡಿತಕ್ಕೆ ಬಂದವು. N ನಿಂತ ಮೇಲೆ f_N ಒಂದೇ ಒಂದು ಅವಿಚ್ಛಿನ್ನ ಫಂಕ್ಷನ್. ಹಾಗಾಗಿ x ಬಿಂದು aಯಿಂದ δ ದೂರದೊಳಗಿದ್ದರೆ ನಡುವಿನ ತುಂಡೂ ε/3ಕ್ಕಿಂತ ಕಡಿಮೆಯಾಗುವಂಥ δ ಸಿಗುತ್ತದೆ. ಮೂರನ್ನೂ ಕೂಡಿಸಿದರೆ ε. ಮೊದಲು N, ಆಮೇಲೆ δ, ಕೊನೆಯಲ್ಲಿ x: ಈ ಸರತಿ ತಪ್ಪಿದರೆ ಸಾಧನೆಯೇ ಇಲ್ಲ.

ಮೌಲ್ಯಮಾಪನ ಕೇಂದ್ರಗಳಲ್ಲಿ ಎಲ್ಲರೂ ‘ಸ್ಕೀಮ್’ ಎಂದೇ ಕರೆಯುವ ಅಂಕ ಹಂಚಿಕೆಯನ್ನು ಇದಕ್ಕೆ ಹೀಗೆ ಬರೆಯಬಹುದು. ಏನನ್ನು ತೋರಿಸಬೇಕೆಂದು ε, δ ಭಾಷೆಯಲ್ಲಿ ಸರಿಯಾಗಿ ಹೇಳಿದ್ದಕ್ಕೆ 2. ಮೂರು ತುಂಡು ಮಾಡಿದ್ದಕ್ಕೆ 2. xನ ಹಂಗಿಲ್ಲದ N ಆರಿಸಿದ್ದಕ್ಕೆ 3. ಆ f_Nಗೆ δ ಪಡೆದಿದ್ದಕ್ಕೆ 2. ಕೊನೆಗೆ ಕೂಡಿಸಿ ಮುಗಿಸಿದ್ದಕ್ಕೆ 1. ಕಾಗದದ ಮೇಲೆ ಚೆಂದವಾಗಿದೆ. ಪತ್ರಿಕೆಗಳ ಕಟ್ಟು ಬಿಚ್ಚಿದ ಮೇಲೆ ಪರೀಕ್ಷೆ ಶುರುವಾಗುವುದು ಸ್ಕೀಮಿಗೆ.

ಒಬ್ಬ ವಿದ್ಯಾರ್ಥಿಯ ಉತ್ತರ ಹೀಗಿದೆ ಎಂದಿಟ್ಟುಕೊಳ್ಳಿ: ‘aಗೆ ಹತ್ತಿರದ ಒಂದು x ತೆಗೆದುಕೊಳ್ಳೋಣ. fₙ(x) → f(x) ಆದ್ದರಿಂದ |f(x) − f_N(x)| < ε/3 ಆಗುವ N ಇದೆ…’ ಉಳಿದದ್ದೆಲ್ಲ ಪುಸ್ತಕದಲ್ಲಿದ್ದಂತೆಯೇ ಇದೆ. ಸಾಲು ಎಣಿಸಿ ಅಂಕ ಹಾಕುವವರು ಇದಕ್ಕೆ ಎಂಟು ಕೊಟ್ಟುಬಿಡುತ್ತಾರೆ. ಆದರೆ ಇಲ್ಲಿ x ಮೊದಲು ಬಂತು, N ಅದನ್ನು ನೋಡಿಕೊಂಡು ಬಂತು. δ ಹುಟ್ಟುವುದು Nನಿಂದ. ಹಾಗಾದರೆ δ ಕೂಡ xನ ಮೇಲೆ ನಿಂತಿದೆ. x ಎಷ್ಟು ಹತ್ತಿರವಿರಬೇಕೆಂದು ಹೇಳಬೇಕಾದ δ, ಯಾವ x ಎಂದು ತಿಳಿದ ಮೇಲೆ ತಾನೇ ತಯಾರಾಗುತ್ತಿದೆ.

ಅನುಮಾನ ಬಂದಾಗ ಮೌಲ್ಯಮಾಪಕರ ಕೈಲಿ ಒಂದು ಗಟ್ಟಿ ಒರೆಗಲ್ಲಿದೆ. ಉತ್ತರದಲ್ಲಿ fₙ ಇರುವಲ್ಲೆಲ್ಲ xⁿ ಹಾಕಿ, a = 1 ಎಂದಿಟ್ಟು ಓದುವುದು. ಸರಿಯಾದ ಸಾಧನೆ ಯಾವುದಾದರೂ ಒಂದು ಸಾಲಿನಲ್ಲಿ ಮುರಿಯಲೇಬೇಕು, ಯಾಕೆಂದರೆ xⁿಗೆ ಫಲಿತಾಂಶವೇ ಸುಳ್ಳು. ಸರಿಯುತ್ತರ N ಆರಿಸುವ ಸಾಲಿನಲ್ಲೇ ಮುರಿಯುತ್ತದೆ, ಅಂಥ N ಇಲ್ಲ. ಮೇಲಿನ ಉತ್ತರ ಮಾತ್ರ ಎಲ್ಲೂ ಅಡೆತಡೆಯಿಲ್ಲದೆ ಸಾಗಿ, ಕಡಿದಿರುವ ಫಂಕ್ಷನನ್ನು ಕಡಿದಿಲ್ಲ ಎಂದು ಸಾಧಿಸಿಬಿಡುತ್ತದೆ. ಅರ್ಥ ಇಷ್ಟೇ: ಪ್ರಶ್ನೆಯಲ್ಲಿದ್ದ ಏಕರೂಪತೆಯನ್ನು ವಿದ್ಯಾರ್ಥಿ ಬಳಸಿಲ್ಲ. ಗುರಿಯನ್ನು ಹೇಳಿದ್ದಕ್ಕೆ ಎರಡು, ತುಂಡು ಮಾಡಿದ್ದಕ್ಕೆ ಎರಡು, ಒಟ್ಟು ನಾಲ್ಕು. δದ ಅಂಕವನ್ನೂ ಕೊಡಲಾಗದು, ಏಕೆಂದರೆ ಅದು ನಿಂತಿರುವ Nಗೇ ನೆಲೆಯಿಲ್ಲ. ಲೆಕ್ಕದ ಪ್ರಶ್ನೆಯಲ್ಲಾದರೆ ಮೊದಲ ತಪ್ಪಿಗೆ ಒಮ್ಮೆ ಅಂಕ ಕಳೆದು ಮುಂದಿನ ಹಂತಗಳಿಗೆ ಅಂಕ ಕೊಡುವ ಉದಾರತೆ ಇದೆ. ಸಾಧನೆಯಲ್ಲಿ ಅದು ಯಾವಾಗಲೂ ನಡೆಯದು.

ಕೋಶಿಯ 1821ರ ವಾದದ ಎಲುಬೂ ಇದೇ. ಮೊತ್ತವನ್ನು ಮೊದಲ n ಪದಗಳು ಮತ್ತು ಉಳಿಕೆ ಎಂದು ಒಡೆದರು. n ದೊಡ್ಡದಾದರೆ ಉಳಿಕೆ ಚಿಕ್ಕದು ಎಂದರು. ಯಾವ xಗೆ ಎಷ್ಟು ದೊಡ್ಡ n ಎಂದು ಕೇಳಲಿಲ್ಲ. ಅವರ ಅತಿಸೂಕ್ಷ್ಮ ರಾಶಿಗಳ ಭಾಷೆಯನ್ನು ಬೇರೆ ಬಗೆಯಾಗಿ ಓದಿದರೆ ವಾದ ಸರಿಹೋಗುತ್ತದೆ ಎನ್ನುವ ಇತಿಹಾಸಕಾರರಿದ್ದಾರೆ, ಆ ಚರ್ಚೆ ಮುಗಿದಿಲ್ಲ. ಇಂದಿನ ಉತ್ತರಪತ್ರಿಕೆಯಲ್ಲಿ ಇದನ್ನೇ ಬರೆದರೆ ಮಾತ್ರ ಹತ್ತಕ್ಕೆ ನಾಲ್ಕು.

ಇನ್ನೊಂದು ಪತ್ರಿಕೆ. ಸರತಿ ಎಲ್ಲ ಸರಿಯಿದೆ, ಆದರೆ ವಿದ್ಯಾರ್ಥಿನಿ ε/3 ಬದಲು ಮೂರು ಕಡೆಯೂ ε ಬರೆದು, ಕೊನೆಗೆ ‘< 3ε’ ಎಂದು ನಿಲ್ಲಿಸಿದ್ದಾಳೆ. ಇದಕ್ಕೆ ಒಂದು ಅಂಕ ಕತ್ತರಿಸುವವರಿದ್ದಾರೆ. ಅದು ಗಣಿತವಲ್ಲ, ಬರೀ ಶಿಸ್ತು. ε ಎಷ್ಟು ಚಿಕ್ಕದಾದರೂ ಆಗಬಹುದು ಎಂದಮೇಲೆ 3ε ಕೂಡ ಹಾಗೆಯೇ. ಪೂರ್ತಿ ಹತ್ತು ಕೊಡಬೇಕು. f_N ಇಡೀ [0,1]ರಲ್ಲಿ ಒಂದೇ δಗೆ ಒಗ್ಗುತ್ತದೆ ಎಂಬ ಬೇಕಿಲ್ಲದಷ್ಟು ದೊಡ್ಡ ಪ್ರಮೇಯ ತಂದು ಬಳಸಿದವರಿಗೂ ಹತ್ತೇ.

ಮೂರನೆಯದು ನಿಜವಾಗಿ ತಲೆನೋವು. ‘ಏಕರೂಪವಾಗಿರುವುದರಿಂದ ಎರಡು ಲಿಮಿಟ್‌ಗಳನ್ನು ಅದಲುಬದಲು ಮಾಡಬಹುದು’ ಎಂದು ಬರೆದು ಎರಡೇ ಸಾಲಿನಲ್ಲಿ ಮುಗಿಸಿದ ಉತ್ತರ. ಹೇಳಿದ್ದು ನಿಜ. ವಾಲ್ಟರ್ ರೂಡಿನ್ ಅವರ ಪ್ರಸಿದ್ಧ ಪಠ್ಯದ ಮೂರನೆಯ ಆವೃತ್ತಿಯಲ್ಲಿ ಅದಲುಬದಲಿನ ಪ್ರಮೇಯ 7.11, ನಮ್ಮ ಪ್ರಶ್ನೆ ಅದರಿಂದ ತಾನಾಗಿ ಇಳಿದು ಬರುವ 7.12. ಆ ಪುಸ್ತಕ ಓದಿದವನ ಉತ್ತರ ತಪ್ಪೆನ್ನುವುದು ಹೇಗೆ? ಆದರೆ ಪರೀಕ್ಷೆ ಕೇಳುತ್ತಿರುವ ಶ್ರಮವೆಲ್ಲ ಆ ಒಂದು ವಾಕ್ಯದೊಳಗೆ ಅಡಗಿದೆ. ತೀರ್ಪು ಗಣಿತದ ಕೈಯಲ್ಲಿಲ್ಲ, ಪ್ರಶ್ನೆಯ ಮಾತಿನಲ್ಲಿದೆ. ‘ವ್ಯಾಖ್ಯೆಗಳಿಂದಲೇ ಹೊರಟು ಸಾಧಿಸಿ’ ಎಂದು ಪ್ರಶ್ನೆಯಲ್ಲಿ ಇದ್ದರೆ ಇದಕ್ಕೆ ಎರಡು ಅಂಕ ಸಾಕು. ಆ ಮಾತಿಲ್ಲದಿದ್ದರೆ ಪೂರ್ತಿ ಅಂಕ ಕೊಡದೆ ದಾರಿಯಿಲ್ಲ. ಪ್ರಶ್ನೆ ಬರೆದವರ ಅಜಾಗ್ರತೆಗೆ ವಿದ್ಯಾರ್ಥಿ ದಂಡ ತೆರುವುದು ನ್ಯಾಯವಲ್ಲ.

ಒಂದೆರಡು ಉದಾಹರಣೆ ಹಾಕಿ ‘ಆದ್ದರಿಂದ ಸಾಧಿತ’ ಎಂದವರಿಗೆ ಏನೂ ಇಲ್ಲ.

ಅಮೆರಿಕ, ಕೆನಡಾದ ಪದವಿ ವಿದ್ಯಾರ್ಥಿಗಳಿಗೆ 1938ರಿಂದ ನಡೆಯುತ್ತಿರುವ ಪಟ್ನಮ್ ಸ್ಪರ್ಧೆ ಈ ಗೊಂದಲವನ್ನು ಬೇರೆ ರೀತಿಯಲ್ಲಿ ಕತ್ತರಿಸುತ್ತದೆ. ಅಲ್ಲಿಯೂ ಪ್ರಶ್ನೆಗೆ ಹತ್ತು ಅಂಕ, ಆದರೆ ಬೀಳುವ ಅಂಕಗಳು ಬಹುಪಾಲು 0, 1, 2 ಅಥವಾ 8, 9, 10. ಸಾಧನೆ ನಿಂತಿದೆಯೇ ಇಲ್ಲವೇ ಎಂಬುದು ಮೊದಲು ಇತ್ಯರ್ಥವಾಗುತ್ತದೆ. ಕಲಿಯುತ್ತಿರುವವರ ಸೆಮಿಸ್ಟರ್ ಪರೀಕ್ಷೆಗೆ ಅಷ್ಟು ನಿಷ್ಠುರತೆ ಬೇಡ. ಆದರೂ ಅದರಿಂದ ಒಂದು ಪ್ರಶ್ನೆಯನ್ನು ಸ್ಕೀಮಿನ ತಲೆಗೆ ಏರಿಸಿಕೊಳ್ಳಬಹುದು: ಒಂದು ಸಾಲು ತಿದ್ದಿದರೆ ಈ ಉತ್ತರ ನಿಲ್ಲುತ್ತದೆಯೇ? ನಿಲ್ಲುವುದಾದರೆ ಎಂಟಕ್ಕೆ ಕಡಿಮೆಯಿಲ್ಲ. ಇಲ್ಲವಾದರೆ ಹಂತಗಳ ಅಂಕ ಕೂಡಿಸಿ, ಆದರೆ ಐದು ದಾಟಬೇಡಿ.

ಹಾಗೆ ನೋಡಿದರೆ ಮೊದಲ ವಿದ್ಯಾರ್ಥಿಯೂ ‘ಎಲ್ಲ xಗೂ ಒಪ್ಪುವ N’ ಎಂಬ ಒಂದೇ ಸಾಲು ಸೇರಿಸಿದರೆ ಸಾಕಲ್ಲವೇ ಎಂದು ಯಾರಾದರೂ ವಾದಿಸಬಹುದು. ವಾದದಲ್ಲಿ ಹುರುಳಿದೆ. ಅವನಿಗೆ ಆ ಸಾಲು ಕೈತಪ್ಪಿತೋ, ಗೊತ್ತೇ ಇರಲಿಲ್ಲವೋ ಎಂದು ಪತ್ರಿಕೆ ಹೇಳುವುದಿಲ್ಲ. ಅದಕ್ಕೇ ಪ್ರಶ್ನೆಗೆ ಒಂದು ಬಾಲ ಕಟ್ಟುವುದು ಲೇಸು: ‘ನಿಮ್ಮ ಸಾಧನೆಯ ಯಾವ ಸಾಲು xⁿಗೆ ಅನ್ವಯವಾಗುವುದಿಲ್ಲ? ಏಕೆ? 3 ಅಂಕ.’ ಸಾಧನೆಯನ್ನು ಬಾಯಿಪಾಠ ಮಾಡಿದವರು ಇಲ್ಲಿ ನಿಂತುಬಿಡುತ್ತಾರೆ. ಮರೆವಿನಿಂದ ಒಂದು ಪದ ಬಿಟ್ಟವರು ತಮ್ಮ ತಪ್ಪನ್ನು ತಾವೇ ಕಂಡುಕೊಳ್ಳುತ್ತಾರೆ, ಮೌಲ್ಯಮಾಪಕರಿಗೆ ಊಹಿಸುವ ಕೆಲಸ ತಪ್ಪುತ್ತದೆ.

ಕೋಶಿಯ ಸಾಧನೆಗೆ ಕಾಣೆಯಾಗಿದ್ದ ಷರತ್ತನ್ನು 1847ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಸ್ಟೋಕ್ಸ್ ಮತ್ತು ಜರ್ಮನಿಯ ಝೈಡೆಲ್ ಬೇರೆ ಬೇರೆಯಾಗಿ ಹುಡುಕಹೊರಟರು. ಅದಕ್ಕೆ ಈಗಿನ ಬಿಗಿಯಾದ ರೂಪ ಕೊಟ್ಟು ಪಾಠದ ಮನೆಗೆ ತಂದವರು ವೈಯರ್‌ಸ್ಟ್ರಾಸ್. ಕೋಶಿ ತಮ್ಮ ಪ್ರಮೇಯವನ್ನು ತಾವೇ ತಿದ್ದಿ, ಹೆಚ್ಚಿನ ಷರತ್ತು ಸೇರಿಸಿ ಪ್ರಕಟಿಸಿದ್ದು 1853ರಲ್ಲಿ. ತಪ್ಪು ತೋರಿಸಿದ್ದ ಏಬೆಲ್ ತನ್ನ 26ನೇ ವಯಸ್ಸಿಗೇ ತೀರಿಕೊಂಡು ಆಗ 24 ವರ್ಷಗಳಾಗಿದ್ದವು.