ಆಡಿದ್ದೆಲ್ಲ ಎಲ್ಲಿ ಹೋಯ್ತು? ಫೋನ್ ಗೇಮನ್ನು ತಪ್ಪು ಪ್ರೊಫೈಲ್‌ಗೆ ಜೋಡಿಸಿದಾಗ

ಈ ಸಲದ ಮಾತು ಶುರುವಾಗೋದು ದಸರಾ ರಜೆಯ ಒಂದು ರಾತ್ರಿಯಿಂದ. ಹುಣಸೂರಿನ ನಮ್ಮನೆಯಲ್ಲಿ ಊಟ ಮುಗಿಸಿ ಕೂತಿದ್ದೆ, ಫೋನ್ ಬಂತು. ಪಿರಿಯಾಪಟ್ಟಣದ ಅಕ್ಕನ ಮಗ. ಪಿಯುಸಿ ಓದ್ತಿದ್ದಾನೆ, ರಜೆಗೆ ಕೆ.ಆರ್. ನಗರದ ದೊಡ್ಡಮ್ಮನ ಮನೆಗೆ ಹೋಗಿದ್ದ. "ಮಾಮಾ, ಎಲ್ಲಾ ಹೋಯ್ತು, ಎರಡು ವರ್ಷ ಆಡಿದ್ದು" ಅಂದ. ದನಿ ನಡುಗ್ತಾ ಇತ್ತು.

ಅವನು ಆಡೋದು ಗೆನ್‌ಶಿನ್ ಇಂಪ್ಯಾಕ್ಟ್. ದೊಡ್ಡಮ್ಮನ ಮಗನ ಹತ್ರ ಪ್ಲೇಸ್ಟೇಷನ್ ಇದೆ. ಈ ಗೇಮ್ ಫೋನಲ್ಲೂ ಪ್ಲೇಸ್ಟೇಷನಲ್ಲೂ ಒಂದೇ ಖಾತೆಯಲ್ಲಿ ನಡೆಯುತ್ತೆ, 2021ರ ಜುಲೈನಿಂದ ಆ ಸೌಕರ್ಯ ಬಂದಿದೆ. ಸರಿ, ದೊಡ್ಡ ಟಿವಿಯಲ್ಲಿ ಆಡೋಣ ಅಂತ ಇವನಿಗೂ ಆಸೆ ಆಯ್ತು. ಗೇಮ್ ತೆರೆದ, ಇಮೇಲ್ ಕೇಳಿತು, ಹಾಕಿದ. ನೋಡಿದ್ರೆ ಮೊದಲ ದೃಶ್ಯದಿಂದ ಶುರು. ಅಡ್ವೆಂಚರ್ ರ‍್ಯಾಂಕ್ 1. ಇವನದು 45 ದಾಟಿತ್ತು.

ನಾನು ಮೊದಲು ಕೇಳಿದ್ದು ಒಂದೇ: "ಫೋನಲ್ಲಿ ತೆರೆದು ನೋಡಿದ್ಯೇನೋ?" ಇಲ್ಲ. ಭಯಕ್ಕೆ ನೋಡೇ ಇಲ್ಲ. "ನೋಡು. ಪರದೆಯ ಬಲಗಡೆ ಕೆಳಮೂಲೆಯಲ್ಲಿ UID ಅಂತ ಒಂದು ಸಂಖ್ಯೆ ಇರುತ್ತೆ, ಅದನ್ನ ಬರ್ಕೊ. ಆಮೇಲೆ ಟಿವಿಯಲ್ಲಿರೋ UID ಬರ್ಕೊ." ಎರಡೂ ಬೇರೆ ಬೇರೆ ಇದ್ದವು. ಫೋನಲ್ಲಿ ಅವನ ಪಾತ್ರಗಳು, ಆಯುಧಗಳು ಎಲ್ಲ ಇದ್ದಲ್ಲೇ ಇದ್ದವು. ಅರ್ಧ ಜೀವ ವಾಪಸ್ ಬಂತು ಅವನಿಗೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಬೇಕು. ನೀವು ಆಡಿದ್ದು ಫೋನಲ್ಲೂ ಇರಲ್ಲ, ಪ್ಲೇಸ್ಟೇಷನಲ್ಲೂ ಇರಲ್ಲ. ಕಂಪನಿಯ ಸರ್ವರ್‌ನಲ್ಲಿ ಆ UID ಹೆಸರಿನಲ್ಲಿ ಇರುತ್ತೆ. ಗೂಗಲ್ ಲಾಗಿನ್, ಇಮೇಲ್, ಪ್ಲೇಸ್ಟೇಷನ್ ಐಡಿ ಇವೆಲ್ಲ ಆ ಮನೆಗೆ ಇರೋ ಬೇರೆ ಬೇರೆ ಕೀಲಿಗಳು. ತಪ್ಪು ಕೀಲಿ ಹಾಕಿದ್ರೆ ಬಾಗಿಲು ತೆರೆಯಲ್ಲ ಅಂತ ಹೇಳಿಬಿಟ್ಟಿದ್ರೆ ಚೆನ್ನಾಗಿತ್ತು. ಗೇಮ್ ಹಾಗೆ ಹೇಳಲ್ಲ. ಆ ಕೀಲಿಗೆ ಮನೆ ಇಲ್ವಾ, ತಗೋ ಅಂತ ಹೊಸ ಖಾಲಿ ಮನೆ ಕಟ್ಟಿಕೊಡುತ್ತೆ. ನಾವು ಅದನ್ನ ನೋಡಿ ಹಳೇ ಮನೆ ಬಿದ್ದುಹೋಯ್ತು ಅಂದುಕೊಳ್ತೀವಿ.

ಹಾಗಾದ್ರೆ ಇವನು ಎಡವಿದ್ದು ಎಲ್ಲಿ? ಎರಡು ಕಡೆ. ಫೋನಲ್ಲಿ ಅವನು ಗೂಗಲ್ ಬಟನ್ ಒತ್ತಿ ಒಳಗೆ ಹೋಗ್ತಿದ್ದ. ಆ ಫೋನ್ ಮೊದಲು ಅಕ್ಕನದು, ಅದರಲ್ಲಿದ್ದದ್ದು ಅಕ್ಕನ ಜೀಮೇಲ್. ಎರಡು ವರ್ಷ ಅಮ್ಮನ ಜೀಮೇಲ್‌ನಲ್ಲಿ ಆಡಿದ್ದೀನಿ ಅನ್ನೋದೇ ಅವನಿಗೆ ಗೊತ್ತಿಲ್ಲ! ಟಿವಿಯಲ್ಲಿ ಇಮೇಲ್ ಕೇಳಿದಾಗ ಕಾಲೇಜಿಗೆ ಅಂತ ಮಾಡಿಸಿದ ತನ್ನ ಜೀಮೇಲ್ ಹಾಕಿದ. ಅದಕ್ಕೆ ಯಾವ ಖಾತೆಯೂ ಇರಲಿಲ್ಲ, ಹೊಸದು ಹುಟ್ಟಿಕೊಂಡಿತು. ಎರಡನೆಯದು, ಅವನು ಗೇಮ್ ತೆರೆದದ್ದು ದೊಡ್ಡಮ್ಮನ ಮಗನ ಪ್ಲೇಸ್ಟೇಷನ್ ಪ್ರೊಫೈಲ್‌ನಲ್ಲಿ. ಆ ಹೊಸ ಖಾತೆ ಅಣ್ಣನ ಪ್ರೊಫೈಲ್‌ಗೆ ಅಂಟಿಕೊಂಡಿತು.

ಈ ಎರಡನೆಯದೇ ಗಂಟು. ಒಂದು ಪ್ಲೇಸ್ಟೇಷನ್ ಐಡಿಯಿಂದ ಏಷ್ಯಾ ಸರ್ವರ್‌ನಲ್ಲಿ ಒಮ್ಮೆ ಆಟ ಶುರುವಾಗಿಬಿಟ್ರೆ, ಅದೇ ಸರ್ವರ್‌ನ ಹಳೇ ಖಾತೆಯನ್ನ ಆ ಐಡಿಗೆ ಸೇರಿಸೋಕೆ ಆಗಲ್ಲ. ಎರಡು ಕಡೆಯ ಆಟವನ್ನ ಕಲಸಿ ಒಂದು ಮಾಡೋ ದಾರಿಯೂ ಇಲ್ಲ. ಹಾಗಾಗಿ ಅಣ್ಣನ ಪ್ರೊಫೈಲ್‌ನಲ್ಲಿ ಮತ್ತೆ ಮತ್ತೆ ಪ್ರಯತ್ನ ಮಾಡ್ತಾ ಕೂತ್ರೆ ಬೆಳಗಾಗುತ್ತೆ ಅಷ್ಟೇ.

ಮಾರನೇ ದಿನ ನಾನೇ ಕೆ.ಆರ್. ನಗರದ ಬಸ್ ಹತ್ತಿದೆ. ಮೊದಲು ಮುಟ್ಟಿದ್ದು ಫೋನ್, ಟಿವಿ ಅಲ್ಲ. ಗೇಮ್‌ನ Settings ಒಳಗೆ Account, ಅಲ್ಲಿಂದ User Center. ಗೂಗಲ್ ಬಟನ್‌ನಿಂದ ಹುಟ್ಟಿದ ಅವನ ಖಾತೆಗೆ ಬೇರೆ ಇಮೇಲ್ ಜೋಡಣೆ ಇರಲಿಲ್ಲ. ತನ್ನ ಜೀಮೇಲ್ ಜೋಡಿಸ್ತೀನಿ ಅಂದ. ಆಗಲ್ಲ, ಯಾಕಂದ್ರೆ ಒಂದು ಇಮೇಲ್ ಒಂದೇ ಖಾತೆಗೆ. ಅವನದು ಹಿಂದಿನ ರಾತ್ರಿ ಹುಟ್ಟಿದ ಖಾಲಿ ಖಾತೆಗೆ ಖರ್ಚಾಗಿ ಹೋಗಿತ್ತು. ಸರಿ, ಅಕ್ಕನಿಗೇ ಫೋನ್ ಮಾಡಿ ಅವಳ ಜೀಮೇಲ್ ಜೋಡಿಸಿದ್ವಿ. ಕೋಡ್ ಅವಳಿಗೆ ಹೋಯ್ತು. "ಯಾರಿಗೂ ಕೋಡ್ ಹೇಳ್ಬೇಡಿ ಅಂತ ಬ್ಯಾಂಕ್‌ನವರು ಹೇಳಿದ್ದಾರೆ ಕಣೋ" ಅಂತ ಐದು ನಿಮಿಷ ಸತಾಯಿಸಿದಳು. ಅವಳು ಹೇಳಿದ್ದು ಸರಿನೇ ಬಿಡಿ. ಆಮೇಲೆ ಪಾಸ್‌ವರ್ಡ್ ಇಟ್ವಿ.

ನಂತರ ಪ್ಲೇಸ್ಟೇಷನಲ್ಲಿ ಹುಡುಗನಿಗೇ ಅಂತ ಹೊಸ ಪ್ರೊಫೈಲ್, ಹೊಸ ಐಡಿ. ಅದಕ್ಕೆ ದುಡ್ಡಿಲ್ಲ. ಅವನಿಗೆ 18 ಆಗಿಲ್ಲ, ಹಾಗಾಗಿ ಮನೆಯ ದೊಡ್ಡವರೊಬ್ಬರ ಐಡಿಯ ಕೆಳಗೆ ಮಾಡ್ಬೇಕಾಯ್ತು. ಆ ಪ್ರೊಫೈಲ್‌ನಲ್ಲೇ ಇದ್ದೀವಾ ಅಂತ ಎರಡು ಸಲ ನೋಡ್ಕೊಂಡು ಗೇಮ್ ತೆರೆದು, ಜೋಡಿಸು ಅಂತ ಕೇಳಿದಾಗ ಅಕ್ಕನ ಜೀಮೇಲ್ ಹಾಕಿದ್ವಿ. ಒಳಗೆ ಹೋಗ್ತಿದ್ದ ಹಾಗೇ ಕೆಳಮೂಲೆಯ UID ಓದಿದ್ವಿ. ಫೋನಿನ ಸಂಖ್ಯೆನೇ. ಹುಡುಗ ಸೋಫಾ ಮೇಲೆ ಎಗರಿದ್ದಕ್ಕೆ ದೊಡ್ಡಮ್ಮನ ಹತ್ರ ಬೈಸ್ಕೊಂಡ.

ಇದೇ ಥರ ಕಂಡ್ರೂ ಕಾರಣ ಬೇರೆ ಇರಬಹುದು. ಎಚ್.ಡಿ. ಕೋಟೆಯಲ್ಲಿ ನನ್ನ ಚಿಕ್ಕಪ್ಪನ ಮಗಳು ಕಂಪ್ಯೂಟರ್‌ನಲ್ಲಿ ಇದೇ ಗೇಮ್ ಹಾಕಿ, ಸರಿಯಾದ ಇಮೇಲ್ ಕೊಟ್ಟೂ ಮೊದಲಿಂದ ಶುರುವಾಯ್ತು. UID ಓದು ಅಂದೆ. 7ರಿಂದ ಶುರು. ಫೋನಲ್ಲಿ 8. ಮೊದಲ ಅಂಕಿ 6 ಇದ್ರೆ ಅಮೆರಿಕ, 7 ಯುರೋಪ್, 8 ಏಷ್ಯಾ, 9 ತೈವಾನ್-ಹಾಂಗ್‌ಕಾಂಗ್ ಕಡೆಯದು. ಖಾತೆ ಒಂದೇ ಆದ್ರೂ ಸರ್ವರ್‌ಗೊಂದು ಬೇರೆ ಆಟ ಇರುತ್ತೆ. ಹೊರಗೆ ಬಂದು ಸರ್ವರ್ ಏಷ್ಯಾಕ್ಕೆ ಬದಲಾಯಿಸಿದಳು, ಅರ್ಧ ನಿಮಿಷದ ಕೆಲಸ.

ನಮ್ಮ ಹುಡುಗರು ಇದನ್ನ ದೊಡ್ಡ ಮಟ್ಟದಲ್ಲಿ ಒಮ್ಮೆ ಅನುಭವಿಸಿದ್ದಾರೆ, ನೆನಪಿರಬಹುದು. 2020ರ ಸೆಪ್ಟೆಂಬರ್ 2ಕ್ಕೆ ಪಬ್‌ಜಿ ಮೊಬೈಲ್ ಬ್ಯಾನ್ ಆಯ್ತು, 2021ರ ಜುಲೈ 2ಕ್ಕೆ ಬಿಜಿಎಂಐ ಬಂತು. ಹಳೇದನ್ನ ಹೊಸದಕ್ಕೆ ತರೋ ದಾರಿ ಫೇಸ್‌ಬುಕ್ ಅಥವಾ ಟ್ವಿಟರ್ ಲಾಗಿನ್. ಪ್ಲೇ ಗೇಮ್ಸ್‌ನಲ್ಲಿ ಆಡಿದ್ದವರು ಮೊದಲು ಹಳೇ ಗೇಮ್‌ನಲ್ಲಿ ಇವೆರಡರಲ್ಲಿ ಒಂದನ್ನ ಜೋಡಿಸ್ಬೇಕಿತ್ತು. ಒಬ್ಬೊಬ್ಬರಿಗೆ ಮೂರು ಫೇಸ್‌ಬುಕ್ ಐಡಿ ಇದ್ದ ಕಾಲ, ಯಾವುದು ಅಂತ ಯಾರಿಗೆ ನೆನಪಿತ್ತು ಹೇಳಿ.

ನಿಜವಾಗಿ ಕಳ್ಕೊಳ್ಳೋರು ಗೆಸ್ಟ್ ಆಗಿ ಆಡೋರು. ಫ್ರೀ ಫೈರ್‌ನಂಥ ಗೇಮ್‌ನಲ್ಲಿ ಏನೂ ಜೋಡಿಸದೆ ಆಡಬಹುದು. ಆಗ ಇರೋದು ಒಂದೇ ಕೀಲಿ, ಅದು ಆ ಫೋನ್ ಒಳಗಷ್ಟೇ. ಏನೋ ತಪ್ಪಾಯ್ತು ಅಂತ ಗಾಬರಿಯಲ್ಲಿ ಗೇಮ್ ಅಳಿಸಿದ್ರೆ, ಡೇಟಾ ಕ್ಲಿಯರ್ ಮಾಡಿದ್ರೆ, ಕೀಲಿನೂ ಹೋಗುತ್ತೆ. ಹಾಗೇನೇ ಜೋಡಣೆ ತೆಗೆಯೋ ಬಟನ್ ಕಂಡ ತಕ್ಷಣ ಒತ್ತಬೇಡಿ. ಹಳೇ ಖಾತೆಗೆ ಇನ್ನೊಂದು ಲಾಗಿನ್ ಇದೆ, ಅದರಿಂದ ಒಳಗೆ ಹೋಗೋಕೆ ಆಗ್ತಿದೆ ಅಂತ ನೋಡಿದ ಮೇಲೆ ಮಾತ್ರ.

ಹಳೇ ಖಾತೆಗೆ ಯಾವ ಕೀಲಿಯಿಂದಲೂ ಹೋಗೋಕೆ ಆಗ್ತಿಲ್ಲ ಅಂದ್ರೆ ಉಳಿಯೋದು ಗೇಮ್‌ನವರ ಸಪೋರ್ಟ್. ಅವರಿಗೆ ಬರೆಯೋವಾಗ "ನನ್ನ ಐಡಿ ಹೋಯ್ತು" ಅಂತಷ್ಟೇ ಬರೆದ್ರೆ ಕೆಲಸ ಆಗಲ್ಲ. ಹಳೇ UID, ಸರ್ವರ್, ಯಾವ ಫೋನಲ್ಲಿ ಯಾವಾಗಿಂದ ಆಡ್ತಿದ್ರಿ, ದುಡ್ಡು ಕೊಟ್ಟು ಏನಾದ್ರೂ ತಗೊಂಡಿದ್ರೆ ಗೂಗಲ್ ಪ್ಲೇಯಿಂದ ಬಂದ ರಸೀದಿಯ ಇಮೇಲ್, ಇವೆಲ್ಲ ಹಾಕಿ. UID ಬರ್ಕೊಂಡಿಲ್ವಾ? ಗೇಮ್‌ನ ಯಾವುದಾದ್ರೂ ಹಳೇ ಸ್ಕ್ರೀನ್‌ಶಾಟ್ ಇದ್ರೆ ಗ್ಯಾಲರಿಯಲ್ಲಿ ಹುಡುಕಿ, ಮೂಲೆಯಲ್ಲಿ ಇರುತ್ತೆ. ಗೆಳೆಯರ ಜೊತೆ ಆಡಿದ್ರೆ ಅವರ ಫ್ರೆಂಡ್ಸ್ ಪಟ್ಟಿಯಲ್ಲೂ ಸಿಗುತ್ತೆ.