ಪರದೆಯ ಮುಕ್ಕಾಲು ಪಾಠಕ್ಕೆ, ಕಾಲು ಮೇಷ್ಟರಿಗೆ

ಧ್ವನಿಮುದ್ರಿತ ಪಾಠಗಳಲ್ಲಿ ಈಗ ಹೆಚ್ಚಾಗಿ ಕಾಣುವ ವಿನ್ಯಾಸವೆಂದರೆ ಪರದೆಯ ಒಂದು ಮೂಲೆಯಲ್ಲಿ ಸಣ್ಣ ಚೌಕ, ಅದರೊಳಗೆ ಉಪನ್ಯಾಸಕರ ಮುಖ. ಆ ಚೌಕ ಆಗಾಗ ಸ್ಲೈಡಿನ ಕೊನೆಯ ಸಾಲನ್ನೋ ಚಿತ್ರದ ಒಂದು ಮೂಲೆಯನ್ನೋ ಮುಚ್ಚಿಬಿಡುತ್ತದೆ. ಇದಕ್ಕೆ ಬದಲಾಗಿ ಪರದೆಯನ್ನೇ ಎರಡು ಭಾಗ ಮಾಡಿ, ಎಡಕ್ಕೆ ಸ್ಲೈಡು, ಬಲಕ್ಕೆ ಪಾಠ ಮಾಡುವವರು ಎಂದು ಹಂಚುವ ಕ್ರಮವೂ ಇದೆ. ಇಲ್ಲಿ ಯಾವುದೂ ಯಾವುದರ ಮೇಲೂ ಬೀಳುವುದಿಲ್ಲ. ಆದರೆ ಹಂಚುವ ಲೆಕ್ಕ ತಪ್ಪಿದರೆ ಅಕ್ಷರಗಳು ಓದಲಾರದಷ್ಟು ಸಣ್ಣದಾಗುತ್ತವೆ.

ಲೆಕ್ಕ ಹೀಗಿದೆ. ಸಾಮಾನ್ಯ ಎಚ್‌ಡಿ ವಿಡಿಯೋದ ಅಗಲ 1920 ಪಿಕ್ಸೆಲ್, ಎತ್ತರ 1080. ಇಂದಿನ ಸ್ಲೈಡುಗಳೂ ಇದೇ ಆಕಾರದವು, ಅಂದರೆ 16:9. ಪಕ್ಕದಲ್ಲಿ ಮುಖಕ್ಕೆ 480 ಪಿಕ್ಸೆಲ್ ಅಗಲದ ಪಟ್ಟಿ ಬಿಟ್ಟರೆ ಸ್ಲೈಡಿಗೆ ಉಳಿಯುವುದು 1440. ಅಷ್ಟಕ್ಕೆ ಕುಗ್ಗಿಸಿದಾಗ ಸ್ಲೈಡಿನ ಎತ್ತರವೂ 810ಕ್ಕೆ ಇಳಿದು, ಕೆಳಗೆ 270 ಪಿಕ್ಸೆಲ್ ಜಾಗ ಕಪ್ಪಾಗಿ ಬಿದ್ದಿರುತ್ತದೆ. ಅದೇ ಸ್ಲೈಡನ್ನು ಹಳೆಯ 4:3 ಆಕಾರದಲ್ಲಿ ಮಾಡಿದರೆ? 1440ಕ್ಕೆ 1080 ಎಂದರೆ ಸರಿಯಾಗಿ 4:3. ಸ್ಲೈಡು ಮೇಲಿಂದ ಕೆಳಗಿನವರೆಗೆ ಪೂರ್ತಿ ತುಂಬುತ್ತದೆ, ಪಕ್ಕದ ಪಟ್ಟಿಯೂ ಉಳಿಯುತ್ತದೆ.

ಲಾಭ ಕಪ್ಪು ಜಾಗ ಹೋಗುವುದಷ್ಟೇ ಅಲ್ಲ. ಪವರ್‌ಪಾಯಿಂಟ್‌ನಲ್ಲಿ ಎರಡೂ ಆಕಾರದ ಸ್ಲೈಡುಗಳ ಎತ್ತರ ಏಳೂವರೆ ಇಂಚೇ. ಅಗಲ ಮಾತ್ರ ಬೇರೆ. ಹಾಗಾಗಿ 4:3 ಸ್ಲೈಡಿನ ಅಕ್ಷರಗಳು ಪೂರ್ಣ ಪರದೆಯಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತವೋ ಪಕ್ಕದಲ್ಲಿ ಮುಖವಿದ್ದಾಗಲೂ ಅಷ್ಟೇ ದೊಡ್ಡದಾಗಿ ಕಾಣುತ್ತವೆ. ಹೆಚ್ಚಿನ ವಿದ್ಯಾರ್ಥಿಗಳು ಪಾಠ ನೋಡುವುದು ಮೊಬೈಲಿನಲ್ಲಿ. ಫೋನನ್ನು ಅಡ್ಡ ಹಿಡಿದಾಗ ವಿಡಿಯೋದ ಎತ್ತರ ಸುಮಾರು 6.8 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. 4:3 ಸ್ಲೈಡಿನ 24 ಪಾಯಿಂಟ್ ಅಕ್ಷರ ಅಲ್ಲಿ ಎಂಟೂವರೆ ಪಾಯಿಂಟಿನಷ್ಟು ಕಾಣುತ್ತದೆ. ಕುಗ್ಗಿಸಿದ 16:9 ಸ್ಲೈಡಿನಲ್ಲಿ ಆರೂವರೆಗಿಂತ ಕಡಿಮೆ. ಇಂಗ್ಲಿಷ್ ಅಕ್ಷರಗಳಾದರೆ ಕಣ್ಣು ಕಿರಿದುಮಾಡಿ ಓದಬಹುದೇನೋ. ಕನ್ನಡದ ಒತ್ತಕ್ಷರಗಳು ಆ ಗಾತ್ರದಲ್ಲಿ ಮಸಿಯ ಚುಕ್ಕಿಗಳಾಗುತ್ತವೆ. ಕನ್ನಡದಲ್ಲಿ ಪಾಠ ಮಾಡುವವರು 4:3 ಆರಿಸಿಕೊಳ್ಳಲು ಇದೊಂದೇ ಕಾರಣ ಸಾಕು.

ಒಂದು ಉದಾಹರಣೆ ನೋಡೋಣ. ಪಿಯು ಕಾಲೇಜಿನ ಜೀವಶಾಸ್ತ್ರದ ಉಪನ್ಯಾಸಕಿಯೊಬ್ಬರು ಹೃದಯದ ರಚನೆಯ ಬಗ್ಗೆ ನಲವತ್ತು ನಿಮಿಷದ ಪಾಠ ಮುದ್ರಿಸಬೇಕಾಗಿದೆ. ಅವರಲ್ಲಿರುವುದು ಒಂದು ಲ್ಯಾಪ್‌ಟಾಪ್, ಒಂದು ಮೊಬೈಲು, ಒಂದು ಸ್ಟ್ಯಾಂಡು, ಮೊಬೈಲಿಗೆ ಸಿಕ್ಕಿಸುವ ಒಂದು ಕಾಲರ್ ಮೈಕು. ಮೊದಲು ಸ್ಲೈಡ್ ತಯಾರಿಸುವಾಗಲೇ Design ಪಟ್ಟಿಯ Slide Size ಒಳಗೆ Standard (4:3) ಆರಿಸಬೇಕು. ಸ್ಲೈಡುಗಳೆಲ್ಲ ಮುಗಿದ ಮೇಲೆ ಆಕಾರ ಬದಲಿಸಿದರೆ ಚಿತ್ರಗಳೂ ಬರಹವೂ ಅಸ್ತವ್ಯಸ್ತವಾಗುತ್ತವೆ.

ಮೊಬೈಲನ್ನು ಉದ್ದಕ್ಕೆ ನಿಲ್ಲಿಸಿ ಚಿತ್ರೀಕರಿಸುವುದು ಒಳ್ಳೆಯದು. ವಿಡಿಯೋ ಎಂದರೆ ಅಡ್ಡ ಹಿಡಿಯಬೇಕು ಎಂಬ ರೂಢಿ ಇಲ್ಲಿ ಕೆಲಸಕ್ಕೆ ಬಾರದು. ಅಡ್ಡ ಚಿತ್ರದಿಂದ 480 ಪಿಕ್ಸೆಲ್ ಪಟ್ಟಿ ಕತ್ತರಿಸಿದರೆ ಉಳಿಯುವುದು ಅಗಲದ ಕಾಲು ಭಾಗ ಮಾತ್ರ; ಸ್ವಲ್ಪ ವಾಲಿದರೂ ಭುಜ ಹೋಗುತ್ತದೆ, ಕೈ ಎತ್ತಿದರೆ ಬೆರಳು ಹೋಗುತ್ತದೆ. ಉದ್ದಕ್ಕೆ ನಿಲ್ಲಿಸಿದ ಚಿತ್ರದಲ್ಲಿ ಎರಡು ಬದಿ ಸೇರಿ ಸುಮಾರು ಐದನೇ ಒಂದು ಭಾಗ ಕಳೆದರೆ ಸಾಕು, ತಲೆಯಿಂದ ಸೊಂಟದವರೆಗೆ ಪಟ್ಟಿಯಲ್ಲಿ ಕೂರುತ್ತದೆ.

ನೋಟದ ದಿಕ್ಕು ಹಲವರು ಮರೆಯುವ ಸಂಗತಿ. ಪರದೆಯ ಬಲಗಡೆ ಇರುವ ಉಪನ್ಯಾಸಕಿ ಸ್ಲೈಡ್ ನೋಡುವಾಗ ನೋಡುವವರ ಎಡಕ್ಕೆ ತಿರುಗಬೇಕು, ಅಂದರೆ ತಮ್ಮ ಬಲಗೈ ಕಡೆಗೆ. ಹಾಗಾಗಿ ಲ್ಯಾಪ್‌ಟಾಪ್ ಅವರ ಬಲಕ್ಕಿರಬೇಕು. ಎಡಕ್ಕಿಟ್ಟರೆ ಪ್ರತಿ ಸಲ ಸ್ಲೈಡ್ ನೋಡಿದಾಗಲೂ ಅವರು ಪಾಠಕ್ಕೆ ಬೆನ್ನು ಹಾಕಿ ಪರದೆಯಾಚೆ ನೋಡಿದಂತೆ ಕಾಣುತ್ತದೆ. ಸೆಲ್ಫಿ ಕ್ಯಾಮೆರಾದಲ್ಲಿ ಕಾಣುವ ಬಿಂಬ ಕನ್ನಡಿಯಂತೆ ತಿರುವುಮುರುವು ಇರುವುದರಿಂದ ಅದನ್ನು ನಂಬದೆ ಒಂದು ನಿಮಿಷ ಮುದ್ರಿಸಿ ನೋಡಬೇಕು.

ಲ್ಯಾಪ್‌ಟಾಪ್‌ನಲ್ಲಿ ಒಬಿಎಸ್ ಸ್ಟುಡಿಯೋ ಎಂಬ ಉಚಿತ ತಂತ್ರಾಂಶದಿಂದ ಪರದೆಯನ್ನು, ಮೊಬೈಲಿನಲ್ಲಿ ಮುಖವನ್ನು ಒಟ್ಟಿಗೇ ಮುದ್ರಿಸಲು ಶುರು ಮಾಡಿ, ಲ್ಯಾಪ್‌ಟಾಪ್ ಮೈಕಿಗೂ ಕೇಳುವಂತೆ ಒಮ್ಮೆ ಚಪ್ಪಾಳೆ ತಟ್ಟಬೇಕು. ಪಾಠ ಮುಗಿದಾಗ ನಿಲ್ಲಿಸುವ ಮೊದಲು ಇನ್ನೊಮ್ಮೆ ತಟ್ಟಬೇಕು. ಚಪ್ಪಾಳೆಯ ಸದ್ದು ಸ್ಲೈಡಿನ ವಿಡಿಯೋದಲ್ಲಿ 6 ಸೆಕೆಂಡಿಗೂ ಮೊಬೈಲಿನದರಲ್ಲಿ 10.2 ಸೆಕೆಂಡಿಗೂ ಬಂದಿದ್ದರೆ ಮೊಬೈಲು 4.2 ಸೆಕೆಂಡ್ ಮೊದಲೇ ಶುರುವಾಗಿದೆ ಎಂದರ್ಥ. ಅಷ್ಟನ್ನು ಬಿಟ್ಟು ಎರಡನ್ನೂ ಅಕ್ಕಪಕ್ಕ ಜೋಡಿಸಲು ಎಫ್ಎಫ್ಎಂಪೆಗ್ ಎಂಬ ಮತ್ತೊಂದು ಉಚಿತ ಸಾಧನಕ್ಕೆ ಈ ಒಂದು ಆಜ್ಞೆ ಸಾಕು:

```
ffmpeg -i slides.mp4 -ss 4.2 -i camera.mp4 -filter_complex "[0:v]crop=1440:1080[s];[1:v]scale=-2:1080,crop=480:1080[c];[s][c]hstack[v]" -map "[v]" -map 1:a class.mp4
```

4:3 ಸ್ಲೈಡನ್ನು ಅಗಲವಾದ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದಾಗ ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ. ಮೊದಲ crop ಅದನ್ನು ಕತ್ತರಿಸುತ್ತದೆ. ಸ್ಲೈಡಿನ ವಿಡಿಯೋ 1920ಕ್ಕೆ 1080 ಇದ್ದಾಗ ಮಾತ್ರ ಈ ಅಳತೆ ಸರಿ. ಕೊನೆಯ ಭಾಗ ಮೊಬೈಲಿನ ಧ್ವನಿಯನ್ನಷ್ಟೇ ಉಳಿಸಿಕೊಳ್ಳುತ್ತದೆ. ಎರಡೂ ಮೈಕುಗಳ ಧ್ವನಿ ಸೇರಿಸಿದರೆ ಖಾಲಿ ಕೊಠಡಿಯಲ್ಲಿ ಮಾತಾಡಿದಂತೆ ಪ್ರತಿಧ್ವನಿ ಬರುತ್ತದೆ.

ಎರಡನೇ ಚಪ್ಪಾಳೆಯ ಉಪಯೋಗ ಈಗ. ಮೊದಲಿನದು ಎರಡೂ ಕಡತಗಳಲ್ಲಿ ಕೂಡಿಬಂದು ಕೊನೆಯದು ಹಿಂದುಮುಂದಾದರೆ, ಪಾಠ ಸಾಗಿದಂತೆ ಮಾತೂ ಸ್ಲೈಡೂ ನಿಧಾನವಾಗಿ ಬೇರೆಯಾಗಿವೆ. ಎಡಿಟಿಂಗ್ ತಂತ್ರಾಂಶದಲ್ಲಿ ಜೋಡಿಸುವವರಿಗೆ ಈ ತೊಂದರೆ ಬರುವುದು ಹೆಚ್ಚು. ಅನೇಕ ಮೊಬೈಲುಗಳು ಸೆಕೆಂಡಿಗೆ ಇಷ್ಟೇ ಚಿತ್ರ ಎಂಬ ಒಂದೇ ವೇಗ ಕಾಯ್ದುಕೊಳ್ಳುವುದಿಲ್ಲ. ಬೆಳಕು ಕಡಿಮೆಯಾದಾಗ ಅದನ್ನು ಇಳಿಸುತ್ತವೆ. ಕೆಲವು ತಂತ್ರಾಂಶಗಳು ವೇಗ ಒಂದೇ ಇದೆಯೆಂದು ತಿಳಿದು ಜೋಡಿಸಿ ಎಡವುತ್ತವೆ. ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ Constant Framerate ಆರಿಸಿ ಮೊಬೈಲಿನ ಕಡತವನ್ನು ಮೊದಲು ಪರಿವರ್ತಿಸಿಕೊಂಡರೆ ಇದು ಸರಿಹೋಗುತ್ತದೆ.

ಇಷ್ಟೆಲ್ಲ ಮಾಡಿ ಮುಖ ತೋರಿಸುವ ಅಗತ್ಯವಿದೆಯೇ? ರೆನೆ ಕಿಜಿಲ್‌ಸೆಕ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನೋಡುಗರ ಕಣ್ಣಿನ ಚಲನೆಯನ್ನೇ ಅಳೆಯಿತು. ಅದರಲ್ಲಿ ಬಳಸಿದ್ದು ಸ್ಲೈಡಿನ ಮೇಲೆ ಕೂರಿಸಿದ ಸಣ್ಣ ಮುಖ. ನೋಡುಗರು ಸುಮಾರು 41 ಶೇಕಡಾ ಸಮಯವನ್ನು ಆ ಮುಖ ನೋಡುವುದರಲ್ಲೇ ಕಳೆದರು, ಸರಾಸರಿ 3.7 ಸೆಕೆಂಡಿಗೊಮ್ಮೆ ಮುಖಕ್ಕೂ ಸ್ಲೈಡಿಗೂ ಕಣ್ಣು ಹೊರಳಿಸಿದರು. ಮುಖವಿರುವ ಪಾಠವೇ ಅವರಿಗೆ ಹೆಚ್ಚು ಇಷ್ಟವಾಯಿತು. ನೆನಪಿನಲ್ಲಿ ಉಳಿದದ್ದರಲ್ಲಿ ಮಾತ್ರ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಮುಖ ನೋಡುಗರನ್ನು ಹಿಡಿದಿಡುತ್ತದೆ, ಜೊತೆಗೆ ಕಣ್ಣನ್ನೂ ಸೆಳೆದುಕೊಳ್ಳುತ್ತದೆ ಎಂದಾಯಿತು. ಹೃದಯದ ಪಾಠವನ್ನೇ ತೆಗೆದುಕೊಂಡರೆ, ಪೀಠಿಕೆ ಹೇಳುವಾಗ, ರೋಗಿಯೊಬ್ಬರ ಪ್ರಸಂಗ ವಿವರಿಸುವಾಗ, ಪ್ರಶ್ನೆ ಕೇಳುವಾಗ ಉಪನ್ಯಾಸಕಿ ಪಕ್ಕದಲ್ಲಿ ಇರಲಿ. ರಕ್ತ ಯಾವ ಕೋಣೆಯಿಂದ ಯಾವ ಕವಾಟ ದಾಟಿ ಎಲ್ಲಿಗೆ ಹೋಗುತ್ತದೆ ಎಂದು ವಿದ್ಯಾರ್ಥಿ ಬಾಣದ ಗುರುತು ಹಿಡಿದು ಸಾಗಬೇಕಾದ ಆ ಮೂರು ನಾಲ್ಕು ನಿಮಿಷ ಅವರು ಪರದೆಯಿಂದ ಸರಿದು, ಚಿತ್ರ ಒಂದೇ ಇದ್ದು ಧ್ವನಿಯಷ್ಟೇ ಕೇಳಿಸಲಿ. ಎರಡು ಕಡತಗಳನ್ನು ಬೇರೆಬೇರೆಯಾಗಿ ಮುದ್ರಿಸಿರುವುದರಿಂದ ಇದನ್ನು ನಂತರವೂ ನಿರ್ಧರಿಸಬಹುದು. ಮುದ್ರಣದ ಹೊತ್ತಿಗೇ ಎರಡನ್ನೂ ಸೇರಿಸಿಬಿಟ್ಟರೆ ಆ ಅವಕಾಶ ಇರುವುದಿಲ್ಲ. ಆದ್ದರಿಂದ ಪಾಠ ಸಿದ್ಧವಾದ ಮೇಲೂ ಮೂಲ ಕಡತಗಳೆರಡನ್ನೂ ಅಳಿಸದೆ ಇಟ್ಟುಕೊಳ್ಳಿ.