ಕಂಪನದ ಮೆಟ್ಟಿಲು ಎಣಿಸಿ ಬಂಧದ ಬಲ ಅಳೆಯುವುದು

ಹೈಡ್ರೋಜನ್ ಕ್ಲೋರೈಡ್ ಅಣುವಿನ ಎರಡು ಪರಮಾಣುಗಳು ಸದಾ ಕಂಪಿಸುತ್ತಿರುತ್ತವೆ. ಅವಗೆಂಪು ಬೆಳಕು ಹೀರಿ ಅಣು ಮೊದಲ ಮೆಟ್ಟಿಲು ಹತ್ತಲು ಬೇಕಾದದ್ದು, ಸೆಂಟಿಮೀಟರಿಗೆ ಎಷ್ಟು ಅಲೆ ಎಂಬ ಅಳತೆಯಲ್ಲಿ, 2886.

ಎರಡು ಮೆಟ್ಟಿಲು ಒಮ್ಮೆಗೇ ಹತ್ತಿದಾಗ ಕಾಣುವ ಮಸುಕಾದ ಗೆರೆಯೇ ಮೇಲ್‌ಸ್ವರ. ಅದು 5772ರಲ್ಲಿ ಇರಬೇಕಿತ್ತು, ಸಿಗುವುದು 5668ರಲ್ಲಿ. ಮೂರನೆಯದು 8347ರಲ್ಲಿ. ಬಂಧ ಹಿಗ್ಗಿದಂತೆ ಸಡಿಲಾಗುವುದರಿಂದ ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಸುಮಾರು 103ರಷ್ಟು ಗಿಡ್ಡ.

ಈ ಇಳಿಕೆ ಹೀಗೇ ಮುಂದುವರಿದರೆ ಸುಮಾರು 28 ಮೆಟ್ಟಿಲುಗಳಲ್ಲಿ ಎತ್ತರ ಸೊನ್ನೆಯಾಗುತ್ತದೆ, ಅಣು ಒಡೆಯುತ್ತದೆ. ಎಲ್ಲ ಎತ್ತರಗಳ ಮೊತ್ತವೇ ವಿಘಟನಾ ಶಕ್ತಿ: ಸುಮಾರು 41,700. ಬರ್ಜ್ ಮತ್ತು ಸ್ಪೋನರ್ 1926ರಲ್ಲಿ ಕೊಟ್ಟ ಸೊಗಸಾದ ಉಪಾಯವಿದು.

ಆದರೆ ನಿಜವಾದ ಬೆಲೆ ಸುಮಾರು 35,800 ಮಾತ್ರ. ತುದಿಯ ಹತ್ತಿರ ಮೆಟ್ಟಿಲುಗಳು ಇನ್ನೂ ಬೇಗ ಕುಗ್ಗುತ್ತವೆ. ಕೆಳಗಿನ ಮೂರು ಗೆರೆಗಳಿಗೆ ಆ ಸುಳಿವಿಲ್ಲ. ಮೇಲಿನ ಗೆರೆಗಳನ್ನೂ ಅಳೆದು ನಕ್ಷೆ ಬರೆದರೆ ನೇರ ರೇಖೆ ಕೆಳಕ್ಕೆ ಬಾಗುವುದು ಕಣ್ಣಿಗೆ ಬೀಳುತ್ತದೆ.